70 ಮೀಟರ್ ಪಟ್ಟಿಯಲ್ಲಿ ನೆಲ ಮುಟ್ಟದೆ ತೇಲುವ ಮಾದರಿ ವಿಮಾನವನ್ನು ಇಳಿಸಿದ್ದು: ನನ್ನ ಅನುಭವ

ಅಣ್ಣಿಗೇರಿ ಹತ್ತಿರ ಗೆಳೆಯನ ಹೊಲದಲ್ಲಿ ರೇಡಿಯೊದಿಂದ ಹಾರಿಸುವ ಮಾದರಿ ವಿಮಾನಗಳಿಗೆ ನಮ್ಮದೊಂದು ಪಟ್ಟಿ ಇದೆ. ಎರೆಮಣ್ಣಿನ ಮೇಲೆ ಗರಸು ಹಾಕಿ ರೋಲರ್ ಓಡಿಸಿದ್ದೇವೆ. ಉದ್ದ ಸುಮಾರು 70 ಮೀಟರ್. ಒಂದು ತುದಿಗೆ ಬೇವಿನ ಮರ, ಇನ್ನೊಂದು ತುದಿಗೆ ಒಡ್ಡು. ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ಸಾಕಷ್ಟು ದೂರ, ಹಾಗಾಗಿ ಆ ಚಿಂತೆ ಇಲ್ಲ. ಈ ಪಟ್ಟಿಯಲ್ಲಿ 1.8 ಮೀಟರ್ ರೆಕ್ಕೆಯ ಲೋ-ವಿಂಗ್ ಬಾಲ್ಸಾ ವಿಮಾನ ಇಳಿಯುವುದೇ ಇಲ್ಲ ಅಂತ ನಮ್ಮ ಬಳಗದವರೆಲ್ಲ ಹೇಳಿಬಿಟ್ಟಿದ್ದರು. ಈಗ ಅದು ಪ್ರತಿ ಸಲ ಅರ್ಧ ಪಟ್ಟಿ ದಾಟಿ ಸ್ವಲ್ಪದರಲ್ಲೇ ನಿಲ್ಲುತ್ತದೆ. ಹೇಗೆ ಮಾಡಿದೆ ಅಂತ ಬಹಳ ಜನ ಕೇಳಿದರು, ಅದಕ್ಕೆ ಬರೆಯುತ್ತಿದ್ದೇನೆ.

ತೊಂದರೆ ನಿಮಗೆಲ್ಲ ಗೊತ್ತಿರುವುದೇ. ಬೇವಿನ ಮರ ದಾಟಿ ಚೆಂದ ಇಳಿದು ಬರುತ್ತದೆ. ಬಾಲದ ಎಲಿವೇಟರ್ ಸ್ವಲ್ಪ ಎಳೆದು, ಮೂಗು ಎತ್ತಿ ಫ್ಲೇರ್ ಮಾಡುತ್ತೀರಿ. ಗಾಲಿ ನೆಲದಿಂದ ಒಂದು ಗೇಣು ಮೇಲೆ, ಇನ್ನೇನು ಮುಟ್ಟಿತು ಅನ್ನುವಷ್ಟರಲ್ಲಿ ಅಲ್ಲೇ ತೇಲುತ್ತದೆ. ತೇಲುತ್ತಲೇ ಇರುತ್ತದೆ. ಕೊನೆಗೆ ಒಡ್ಡಿಗೆ ಹೋಗಿ ಮೂಗು ಕೊಡುತ್ತದೆ. ಒಂದು ಹಂಗಾಮಿನಲ್ಲಿ ಪ್ರೊಪೆಲ್ಲರ್, ಲ್ಯಾಂಡಿಂಗ್ ಗೇರ್, ಬಾಗಿದ ಮೋಟರ್ ಶಾಫ್ಟ್, ಫೈರ್‌ವಾಲ್ ರಿಪೇರಿ ಎಲ್ಲ ಸೇರಿ ಆರೇಳು ಸಾವಿರ ರೂಪಾಯಿ ಹೋಯಿತು. ನೆನಪಿನಿಂದ ಹೇಳುತ್ತಿದ್ದೇನೆ, ಜಾಸ್ತಿಯೇ ಇರಬಹುದು.

ಮೊದಲ ಸಲಹೆ ಬಂದದ್ದು ಬಳಗದ ಹಿರಿಯರಿಂದ. "ಭಾರ ಕಡಿಮಿ ಐತಪಾ. ಸೀಸ ಹಾಕು, ತಾನ ಕುಂದರತೈತಿ" ಅಂದರು. ವಿಮಾನದ ತೂಕ ಸುಮಾರು 2.6 ಕಿಲೋ. ಸಿಜಿ, ಅಂದರೆ ತೂಕ ಸಮತೋಲವಾಗುವ ಜಾಗದ ಮೇಲೆ 400 ಗ್ರಾಂ ಸೀಸ ಕಟ್ಟಿ ಹಾರಿಸಿದೆ. ತೇಲುವುದು ಕಡಿಮೆ ಆಗಲಿಲ್ಲ, ಹೆಚ್ಚಾಯಿತು. ಆಗಬೇಕಾದದ್ದೂ ಹಾಗೇ. ತೂಕ ಹೆಚ್ಚಿದರೆ ಸ್ಟಾಲ್ ವೇಗ, ಅಂದರೆ ಅದಕ್ಕಿಂತ ನಿಧಾನವಾದರೆ ರೆಕ್ಕೆ ವಿಮಾನವನ್ನು ಹೊರಲಾರದ ವೇಗ, ಹೆಚ್ಚುತ್ತದೆ, ಅದರ ಜೊತೆ ಪಟ್ಟಿಗೆ ಬರುವ ವೇಗವೂ ನೆಲ ಮುಟ್ಟುವ ವೇಗವೂ ಹೆಚ್ಚುತ್ತವೆ. ತೇಲುವ ದೂರ ವೇಗದ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ. ತೂಕ ಶೇಕಡಾ 15 ಏರಿದರೆ ದೂರವೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಅದೇ ದಿನ ಗೇರ್ ಕೂಡ ಕಿತ್ತು ಬಂತು.

ಎರಡನೆಯ ಮಾತು, "ರೆಕ್ಕೆ ಕೆಳಗೆ ಗಾಳಿ ಒತ್ತಿ ದಿಂಬಿನ ಹಂಗ ಆಗತೈತಿ, ಅದಕ್ಕ ಏನೂ ಮಾಡಾಕ ಬರಂಗಿಲ್ಲ" ಅನ್ನುವುದು. ಇದನ್ನು ನಾನು ಒಪ್ಪಲಿಲ್ಲ. ನೆಲದ ಹತ್ತಿರ ರೆಕ್ಕೆಯ ಮೇಲಾಗುವ ಈ ಪ್ರಭಾವಕ್ಕೆ ಗ್ರೌಂಡ್ ಇಫೆಕ್ಟ್ ಅನ್ನುತ್ತಾರೆ, ಅದರ ಮುಖ್ಯ ಕೆಲಸ ಡ್ರ್ಯಾಗ್, ಅಂದರೆ ವಿಮಾನವನ್ನು ಹಿಂದಕ್ಕೆ ಎಳೆಯುವ ಗಾಳಿಯ ತಡೆಯ ಕಡೆಗಿದೆ. ರೆಕ್ಕೆ ಗಾಳಿಯನ್ನು ಕೆಳಗೆ ತಳ್ಳಿ ಲಿಫ್ಟ್ ಪಡೆಯುತ್ತದೆ, ತುದಿಗಳಲ್ಲಿ ಸುಳಿ ಏಳುತ್ತದೆ, ಅದಕ್ಕೆ ತೆರಬೇಕಾದ ಬೆಲೆ ಇಂಡ್ಯೂಸ್ಡ್ ಡ್ರ್ಯಾಗ್. ನೆಲ ಹತ್ತಿರ ಬಂದಾಗ ಆ ಸುಳಿಗೆ ಬೆಳೆಯಲು ಜಾಗ ಸಿಗುವುದಿಲ್ಲ, ಕೆಳಗೆ ಹೋಗುವ ಗಾಳಿಯನ್ನು ನೆಲ ತಡೆಯುತ್ತದೆ. ರೆಕ್ಕೆ ಅದರ ಸ್ಪ್ಯಾನ್‌ನಷ್ಟೇ ಎತ್ತರದಲ್ಲಿದ್ದರೆ ಇಂಡ್ಯೂಸ್ಡ್ ಡ್ರ್ಯಾಗ್ ಶೇಕಡಾ ಒಂದೂವರೆಯಷ್ಟು ಮಾತ್ರ ಕಡಿಮೆ. ಸ್ಪ್ಯಾನ್‌ನ ಕಾಲು ಭಾಗ ಎತ್ತರದಲ್ಲಿ ಸುಮಾರು ಕಾಲು ಪಾಲು ಕಡಿಮೆ. ಹತ್ತನೇ ಒಂದು ಭಾಗ ಎತ್ತರದಲ್ಲಿ ಹೆಚ್ಚುಕಡಿಮೆ ಅರ್ಧವೇ ಹೋಗುತ್ತದೆ. ನನ್ನ ವಿಮಾನದ ಗಾಲಿ ನೆಲ ಮುಟ್ಟಿದಾಗ ರೆಕ್ಕೆ 18 ಸೆಂಟಿಮೀಟರ್ ಮೇಲಿರುತ್ತದೆ. ಅಂದರೆ ಸರಿಯಾಗಿ ಹತ್ತನೇ ಒಂದು ಭಾಗ.

ಆದರೆ ಡ್ರ್ಯಾಗ್ ಕಡಿಮೆ ಆದ ಮಾತ್ರಕ್ಕೆ ಯಾವ ವಿಮಾನವೂ ತೇಲಲಾರದು. ತೇಲಲು ಹೆಚ್ಚಿನ ವೇಗ ಕೈಯಲ್ಲಿರಬೇಕು. ಗ್ರೌಂಡ್ ಇಫೆಕ್ಟ್ ಆ ವೇಗ ಬೇಗ ಖರ್ಚಾಗದಂತೆ ತಡೆಯುತ್ತದೆ, ಅಷ್ಟೇ. ನನ್ನ ವಾದ ಇದೇ ಇತ್ತು, ಯಾರೂ ನಂಬಲಿಲ್ಲ. "ಆಷಾಢದಾಗ ಇದ ವಿಮಾನ ಇದ ಪಟ್ಟಿ ಮ್ಯಾಲೆ ಇಳಿದಿತ್ತಲ್ಲ?" ಅಂತ ಕೇಳಿದರು. ಅಳೆದೇ ತೋರಿಸೋಣ ಅಂತ ಕೂತೆ.

ಗಾಳಿಗೆ ಹೋಲಿಸಿದ ವೇಗ ಅಳೆಯುವ, ಪಿಟೊ ಟ್ಯೂಬ್ ಇರುವ ಏರ್‌ಸ್ಪೀಡ್ ಸೆನ್ಸರ್ ತರಿಸಿದೆ, ಮೂರು ಸಾವಿರದ ಆಸುಪಾಸು. ಜಿಪಿಎಸ್ ವೇಗ ಇದಕ್ಕೆ ಸಾಲದು, ಗಾಳಿ ಇದ್ದರೆ ಅದು ದಾರಿ ತಪ್ಪಿಸುತ್ತದೆ. ಪಟ್ಟಿಯ ಪಕ್ಕ ಐದೈದು ಮೀಟರಿಗೆ ಬಿದಿರಿನ ಕಡ್ಡಿ ನೆಟ್ಟು ಕೆಂಪು ಬಟ್ಟೆ ಕಟ್ಟಿದೆ. ಮೊಬೈಲನ್ನು ಟ್ರೈಪಾಡ್ ಮೇಲೆ ಇಟ್ಟು ಸೆಕೆಂಡಿಗೆ 60 ಫ್ರೇಮ್‌ನ ವಿಡಿಯೊ. ಪಿಟೊ ಟ್ಯೂಬನ್ನು ರೆಕ್ಕೆಯಲ್ಲಿ ಎಲ್ಲಿ ಕೂರಿಸಿದೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಅದಕ್ಕೆ ಬಹಳ ತಲೆ ಕೆಡಿಸಿಕೊಂಡಿದ್ದೇನೆ, ನೀವೂ ಸ್ವಲ್ಪ ಹುಡುಕಿ.

ಮೊದಲು ಮೇಲೆ, ಸುರಕ್ಷಿತ ಎತ್ತರದಲ್ಲಿ, ಥ್ರಾಟಲ್ ಪೂರ್ತಿ ಇಳಿಸಿ ಮಟ್ಟವಾಗಿ ಹಿಡಿದು ಮೂಗು ಬೀಳುವ ತನಕ ಕಾದೆ. ಸ್ಟಾಲ್ ಸೆಕೆಂಡಿಗೆ 9 ಮೀಟರ್ ಹತ್ತಿರ ಸಿಕ್ಕಿತು. ಪಟ್ಟಿಗೆ ಬರುವಾಗಿನ ವೇಗ ನೋಡಿದರೆ 13.5. ಸ್ಟಾಲ್‌ನ ಒಂದೂವರೆ ಪಟ್ಟು! ಕಣ್ಣಿಗೆ ಅದು ನಿಧಾನವಾಗಿಯೇ ಕಾಣುತ್ತದೆ. ಬೇವಿನ ಮರದ ಭಯಕ್ಕೆ ಎಲ್ಲರೂ ಸ್ವಲ್ಪ ಥ್ರಾಟಲ್ ಜಾಸ್ತಿ ಇಟ್ಟುಕೊಂಡೇ ಬರುತ್ತಾರೆ, ಅಲ್ವಾ? ದೊಡ್ಡ ವಿಮಾನಗಳಲ್ಲಿ ಈ ವೇಗವನ್ನು ಸ್ಟಾಲ್‌ನ ಸುಮಾರು 1.3 ಪಟ್ಟಿಗೆ ಇಡುವ ರೂಢಿ ಇದೆ. ನಮ್ಮ ಲೆಕ್ಕಕ್ಕೆ ಅದು 11.7.

ಈಗ ಲೆಕ್ಕ ನೋಡಿ. ನನ್ನ ವಿಮಾನ ನೆಲ ಮುಟ್ಟುವುದು 9.9ರ ಹತ್ತಿರ. 13.5ರಿಂದ 9.9ಕ್ಕೆ ಇಳಿಯುವಾಗ ಕಳೆಯಬೇಕಾದ ಶಕ್ತಿಯನ್ನು ಎತ್ತರಕ್ಕೆ ಬದಲಾಯಿಸಿದರೆ 4.3 ಮೀಟರ್ ಬರುತ್ತದೆ. ಎರಡೂ ವೇಗಗಳ ವರ್ಗ ಮಾಡಿ, ಕಳೆದು, 19.6ರಿಂದ ಭಾಗಿಸಿದರೆ ಸಾಕು. ಅಂದರೆ ಪಟ್ಟಿಯ ಮೇಲೆ ಒಂದು ಗೇಣು ಎತ್ತರದಲ್ಲಿದ್ದರೂ ವಿಮಾನದ ಕೈಯಲ್ಲಿ ಇನ್ನೂ ನಾಲ್ಕು ಮೀಟರ್ ಮೇಲಿನಿಂದ ಗ್ಲೈಡ್ ಮಾಡುವಷ್ಟು ಶಕ್ತಿ ಇದೆ. ಮೇಲೆ ಇದರ ಗ್ಲೈಡ್ 9ಕ್ಕೆ 1, ಅಂದರೆ ಒಂದು ಮೀಟರ್ ಇಳಿಯುವಷ್ಟರಲ್ಲಿ ಒಂಬತ್ತು ಮೀಟರ್ ಮುಂದೆ ಹೋಗುತ್ತದೆ. ನೆಲದ ಹತ್ತಿರ, ವಿಡಿಯೊದಿಂದ ಲೆಕ್ಕ ಹಾಕಿದರೆ, 12ಕ್ಕೆ 1. ಹಾಗಾಗಿ 4.3 ಗುಣಿಸು 12, ಸುಮಾರು 52 ಮೀಟರ್ ತೇಲಾಟ. ನೆಲದ ಪ್ರಭಾವ ಇಲ್ಲದಿದ್ದರೂ 39 ಆಗುತ್ತಿತ್ತು. ಮರ ದಾಟಿ ಫ್ಲೇರ್ ಮಾಡುವಷ್ಟರಲ್ಲಿ ಹದಿನೈದು ಮೀಟರ್ ಹೋಗಿರುತ್ತದೆ. ಹದಿನೈದು, ಐವತ್ತೆರಡು, ಆಮೇಲೆ ಗಾಲಿ ಮೇಲೆ ಓಟ. ಒಡ್ಡು ಬಾರದೆ ಇನ್ನೇನು ಬಂದೀತು?

11.7ರಲ್ಲಿ ಬಂದರೆ ಅದೇ ಲೆಕ್ಕ 24 ಮೀಟರ್. ವೇಗ ಇಳಿಸಿದ್ದು ಸೆಕೆಂಡಿಗೆ ಎರಡು ಮೀಟರಿಗಿಂತ ಕಡಿಮೆ, ತೇಲುವ ದೂರ ಅರ್ಧಕ್ಕಿಂತ ಕೆಳಗೆ ಬಂತು. ನಮ್ಮ ಬಳಗದಲ್ಲಿ ಈ ಲೆಕ್ಕದ ಹಾಳೆ ತೋರಿಸಿದ ದಿನ ಮೊದಲ ಬಾರಿ ಯಾರೂ ವಾದ ಮಾಡಲಿಲ್ಲ.

ಆಷಾಢದ ಪ್ರಶ್ನೆಗೂ ಇಲ್ಲೇ ಉತ್ತರ ಸಿಗುತ್ತದೆ. 13.5ರಿಂದ 9.9ಕ್ಕೆ ಇಳಿಯಲು ಹಿಡಿಯುವ ಹೊತ್ತು ಸುಮಾರು ನಾಲ್ಕೂವರೆ ಸೆಕೆಂಡ್. ಎದುರು ಗಾಳಿ ಸೆಕೆಂಡಿಗೆ 4 ಮೀಟರ್ ಇದ್ದರೆ ಅಷ್ಟರಲ್ಲಿ ನೆಲದ ಮೇಲಿನ ದೂರ 18 ಮೀಟರ್ ತಗ್ಗುತ್ತದೆ, ಮುಟ್ಟಿದ ಮೇಲಿನ ಓಟವೂ ಚಿಕ್ಕದಾಗುತ್ತದೆ. ಜೊತೆಗೆ ನೆಲದ ಹತ್ತಿರ ಗಾಳಿಯ ಜೋರು ಕಡಿಮೆ, ವಿಮಾನ ಕೆಳಗಿಳಿದಂತೆ ಏರ್‌ಸ್ಪೀಡ್ ತಾನೇ ಸ್ವಲ್ಪ ಸೋರುತ್ತದೆ. ಮಳೆಗಾಲದ ಪಡುವಣ ಗಾಳಿ ನಮ್ಮ ಹೆಚ್ಚಿನ ವೇಗವನ್ನು ಮುಚ್ಚಿಡುತ್ತಿತ್ತು. ಕಡಲೆ ಕಿತ್ತ ಮೇಲೆ, ಎಲೆ ಅಲುಗಾಡದ ಬೆಳಗಿನಲ್ಲಿ ಅದು ಬಯಲಿಗೆ ಬರುತ್ತಿತ್ತು.

24 ಮೀಟರ್ ನನಗೆ ಇನ್ನೂ ಜಾಸ್ತಿಯೇ ಅನಿಸಿತು. ರೆಕ್ಕೆಯ ಹಿಂಬದಿ ಕತ್ತರಿಸಿ ಕೆಳಗೆ ಬಾಗುವ ಫ್ಲ್ಯಾಪ್ ಕೂರಿಸಿದೆ. ಎರಡು ಸರ್ವೊ, ಹಿಂಜ್, ಕವರಿಂಗ್ ಸೇರಿ ಸಾವಿರದ ಒಳಗೆ ಆಯಿತು. 40 ಡಿಗ್ರಿ ಇಳಿಸಿದರೆ ಸ್ಟಾಲ್ 8ಕ್ಕೆ ಬಂತು, ನೆಲದ ಹತ್ತಿರದ ಗ್ಲೈಡ್ 7ಕ್ಕೆ 1ಕ್ಕೆ ಬಿತ್ತು. 10ರಲ್ಲಿ ಬಂದು 8.8ರಲ್ಲಿ ಮುಟ್ಟಿದರೆ ತೇಲುವುದು ಎಂಟೇ ಮೀಟರ್. ಮರ ದಾಟಲು ಕಡಿದಾಗಿ ಇಳಿಯಬಹುದು ಅನ್ನುವುದು ಅದರ ಮೇಲಿನ ಲಾಭ. ಇಲ್ಲಿ ಒಂದು ಎಚ್ಚರಿಕೆ. ರೆಕ್ಕೆ ಕೆಳಗೆ ತಳ್ಳಿ ಬಾಲಕ್ಕೆ ಬರುವ ಗಾಳಿ, ಅಂದರೆ ಡೌನ್‌ವಾಷ್, ನೆಲದ ಹತ್ತಿರ ಕಡಿಮೆ ಆಗಿ ಮೂಗು ಕೆಳಗೆ ಹೋಗಲು ನೋಡುತ್ತದೆ. ಫ್ಲ್ಯಾಪ್ ಇಳಿಸಿದಾಗ ಡೌನ್‌ವಾಷ್ ಹೆಚ್ಚಿರುತ್ತದೆ, ಆದ್ದರಿಂದ ಈ ಬದಲಾವಣೆಯೂ ಜೋರಾಗಿ ಗೊತ್ತಾಗುತ್ತದೆ. ಕೊನೆಯ ಅರ್ಧ ಮೀಟರಿನಲ್ಲಿ ಎಲಿವೇಟರ್ ಇನ್ನಷ್ಟು ಬೇಕು. ಫ್ಲ್ಯಾಪ್ ಜೊತೆ ಎಲಿವೇಟರ್ ತಾನೇ ಸರಿಯುವಂತೆ ರೇಡಿಯೊದಲ್ಲಿ ನಾನು ಹಾಕಿದ ಮಿಕ್ಸ್ ಎಷ್ಟು ಅನ್ನುವುದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ನಿಮ್ಮ ವಿಮಾನಕ್ಕೆ ಅದು ಹೊಂದುವುದೂ ಇಲ್ಲ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಅದೇ ಸ್ಪ್ಯಾನ್‌ನ ಹೈ-ವಿಂಗ್ ಟ್ರೈನರ್ ಅನ್ನು ಅದರ ಸ್ಟಾಲ್‌ನ ಒಂದೂವರೆ ಪಟ್ಟು ವೇಗದಲ್ಲೇ ತಂದೆ. ಅದರ ರೆಕ್ಕೆ ನೆಲದಿಂದ 35 ಸೆಂಟಿಮೀಟರ್ ಮೇಲೆ. ತೇಲಿತು, ಆದರೆ ಇದರಷ್ಟಲ್ಲ. ಟ್ರೈನರ್‌ನ ಸ್ಟ್ರಟ್‌ಗಳ ಡ್ರ್ಯಾಗ್ ಕೂಡ ಸೇರಿರುತ್ತದೆ, ಹಾಗಾಗಿ ವ್ಯತ್ಯಾಸವನ್ನು ಪೂರ್ತಿ ರೆಕ್ಕೆಯ ಎತ್ತರಕ್ಕೇ ಕಟ್ಟಲು ಬರುವುದಿಲ್ಲ. ಪ್ರೊಪೆಲ್ಲರ್ ವಿಷಯವೂ ನೋಡಿದೆ. ಮೋಟರಿನ ವೇಗ ನಿಯಂತ್ರಿಸುವ ಇಎಸ್‌ಸಿಯ ಬ್ರೇಕ್ ತೆಗೆದರೆ ಪ್ರೊಪೆಲ್ಲರ್ ಗಾಳಿಗೆ ತಿರುಗುತ್ತಾ ಡ್ರ್ಯಾಗ್ ಕೊಡುತ್ತದೆ. ಬ್ರೇಕ್ ಹಾಕಿ ನಿಲ್ಲಿಸಿದಾಗ ವಿಮಾನ ಇನ್ನೂ ಮುಂದೆ ಹೋಯಿತು. ಥ್ರಾಟಲ್ ಸ್ವಲ್ಪವೂ ಉಳಿದಿರಬಾರದು. ರೆಕ್ಕೆಯ ಸ್ಪ್ಯಾನ್‌ನಷ್ಟು ಎತ್ತರಕ್ಕೆ ಬಂದ ಕೂಡಲೇ ನಾನು ಪೂರ್ತಿ ಮುಚ್ಚುತ್ತೇನೆ.

ಇಷ್ಟಾದರೂ ಒಂದೊಂದು ಸಲ ತೇಲುತ್ತದೆ. ಆಗ ಎಲಿವೇಟರ್ ಜಾಸ್ತಿ ಎಳೆದರೆ ವಿಮಾನ ಒಂದೂವರೆ ಮೀಟರ್ ಮೇಲೇಳುತ್ತದೆ. ಅಲ್ಲಿ ಮಾಫಿ ಆಗಿದ್ದ ಡ್ರ್ಯಾಗ್ ವಾಪಸ್ ಬರುತ್ತದೆ, ವೇಗ ಮೊದಲೇ ಖಾಲಿಯಾಗಿರುತ್ತದೆ, ಒಂದು ರೆಕ್ಕೆ ಬಿದ್ದು ಗೇರ್ ಹೋಗುತ್ತದೆ. ನಮ್ಮ ಬಳಗದಲ್ಲಿ ಮುರಿದ ಗೇರ್‌ಗಳಲ್ಲಿ ಹೆಚ್ಚಿನವು ಹೀಗೇ ಮುರಿದವು, ತೇಲಿದ್ದಕ್ಕಲ್ಲ. ಕೆಳಗೆ ಒತ್ತಿದರೆ ಮುಂದಿನ ಗಾಲಿ ಮೊದಲು ತಾಗಿ ಪುಟಿಯುತ್ತದೆ. ಮಾಡಬೇಕಾದದ್ದು ಅದೇ ಎತ್ತರದಲ್ಲಿ ಹಿಡಿದು ಕಾಯುವುದು. ಪಟ್ಟಿಯ 35 ಮೀಟರಿಗೆ ನಾನೊಂದು ಹಳದಿ ಬಾವುಟ ನೆಟ್ಟಿದ್ದೇನೆ. ಬಾವುಟ ದಾಟುವಾಗ ಗಾಲಿ ಇನ್ನೂ ಮೇಲಿದ್ದರೆ ಥ್ರಾಟಲ್ ಕೊಟ್ಟು ಇನ್ನೊಂದು ಸುತ್ತು. ಥ್ರಾಟಲ್ ಕೊಟ್ಟ ಕೂಡಲೇ ಮೂಗು ಎತ್ತಬೇಡಿ. ನೆಲದ ಹತ್ತಿರವೇ ಓಡಿಸಿ ಮೊದಲು ವೇಗ ಕಟ್ಟಿಕೊಳ್ಳಿ, ಆಮೇಲೆ ಏರಿಸಿ, ಫ್ಲ್ಯಾಪ್ ಸ್ವಲ್ಪ ಸ್ವಲ್ಪವೇ ಎತ್ತಿ.

ಫ್ಲ್ಯಾಪ್ ಇಲ್ಲದವರು ಎರಡೂ ಐಲೆರಾನ್‌ಗಳನ್ನು ಮೇಲೆತ್ತಿ ಡ್ರ್ಯಾಗ್ ಪಡೆಯಬಹುದು. ಆದರೆ ಅದು ಲಿಫ್ಟ್ ತಿನ್ನುತ್ತದೆ, ಸ್ಟಾಲ್ ವೇಗ ಏರುತ್ತದೆ. ಆ ಸ್ಥಿತಿಯಲ್ಲೂ ಮೇಲೆ ಹೋಗಿ ಸ್ಟಾಲ್ ಅಳೆದು, ಹೊಸ ಅಂಕಿಗೆ 1.3 ಗುಣಿಸಿಕೊಂಡೇ ಪಟ್ಟಿಗೆ ತನ್ನಿ.