ಡಬ್ಬಿ ತೆಗೆಯುವ ಮುನ್ನ 90 ಸೆಕೆಂಡ್: ಯೋಗ ಶಿಕ್ಷಕರ ಪರಿಚಯ ಹೀಗಿರಲಿ

ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಆಫೀಸು ಅಂದುಕೊಳ್ಳಿ. ಊಟದ ಬಿಡುವು 1ರಿಂದ 1.45. ಯೋಗಕ್ಕೆ ಸಿಗುವುದು ಮೊದಲ 25 ನಿಮಿಷ. ರೊಟ್ಟಿ, ಎಣಗಾಯಿ ಹೊಟ್ಟೆಗೆ ಬಿದ್ದ ಮೇಲೆ ಬಾಗುವ, ತಿರುಗುವ ಆಸನ ಮಾಡಿಸುವಂತಿಲ್ಲ, ಹಾಗಾಗಿ ಊಟ ಆಮೇಲೆಯೇ. ಹಸಿದು ಕೂತವರ ಮುಂದೆ ಪರಿಚಯ ಒಂದೂವರೆ ನಿಮಿಷ ದಾಟಬಾರದು.

ಹಿಂದಿನ ದಿನವೇ ಶಿಕ್ಷಕರಿಗೆ ಫೋನ್ ಮಾಡಿ. ಹೆಸರನ್ನು ಹೇಗೆ ಕರೆಯಬೇಕು, ಎಲ್ಲಿ ಕಲಿತಿದ್ದಾರೆ, ನಾಳೆ ಏನು ಮಾಡಿಸುತ್ತಾರೆ, ಯಾರು ಏನು ಮಾಡಬಾರದು, ಇಷ್ಟು ಕೇಳಿ ಬರೆದುಕೊಳ್ಳಿ. ಓದಿದ್ದನ್ನು ಅವರು ಹೇಳಿದಂತೆಯೇ ಹೇಳಬೇಕು. ಡಿಪ್ಲೊಮಾ ಮಾಡಿದವರನ್ನು ಅಭಿಮಾನಕ್ಕೆ ‘ಡಾಕ್ಟರ್’ ಅಂದುಬಿಟ್ಟರೆ ಮುಂದಿನ ಸಾಲಿನವರು ಶುಗರ್ ರಿಪೋರ್ಟ್ ಹಿಡಿದು ಬರುತ್ತಾರೆ. ‘ಬಿಪಿ ಹೋಗಿಸ್ತಾರ’ ಎಂಬ ಮಾತಂತೂ ಬೇಡವೇ ಬೇಡ. ಅದನ್ನು ನಂಬಿ ಗುಳಿಗೆ ಬಿಟ್ಟವರಿಗೆ ಉತ್ತರ ಹೇಳುವುದು ಶಿಕ್ಷಕರಿಗೂ ಕಷ್ಟ.

ಬಿಪಿ, ಡಿಸ್ಕಿನ ತೊಂದರೆ, ಗರ್ಭಿಣಿಯರ ವಿಷಯವನ್ನು ಸಭೆಯಲ್ಲಿ ಕೈ ಎತ್ತಿಸಿ ಕೇಳಬಾರದು. ಸಹೋದ್ಯೋಗಿಗಳ ಎದುರು ಯಾರೂ ಎತ್ತುವುದಿಲ್ಲ, ಎತ್ತದವರು ಎಲ್ಲರ ಜೊತೆ ಬಾಗುತ್ತಾರೆ. ಬೆಳಿಗ್ಗೆಯೇ ವಾಟ್ಸಾಪ್ ಗುಂಪಿನಲ್ಲಿ ತಿಳಿಸಿ, ಶಿಕ್ಷಕರನ್ನು ಹತ್ತು ನಿಮಿಷ ಮೊದಲೇ ಕರೆಸಿ ಪಕ್ಕದ ಕೋಣೆಯಲ್ಲಿ ಕೂರಿಸಿ. ಹೇಳುವವರು ಅಲ್ಲಿ ಹೇಳಲಿ.

ಇನ್ನು ಕುರ್ಚಿ. ಆಫೀಸಿನ ಗಾಲಿ ಕುರ್ಚಿಯ ತುದಿಗೆ ಕೂತು ಮುಂದೆ ಬಾಗಿದರೆ ಅದು ಹಿಂದೆ ಸರಿಯುತ್ತದೆ, ಕೂತವರು ನೆಲಕ್ಕೆ. ಕ್ಯಾಂಟೀನಿನ ಪ್ಲಾಸ್ಟಿಕ್ ಕುರ್ಚಿ ತರಿಸುವುದೇ ಲೇಸು. ಇಲ್ಲವಾದರೆ ಗಾಲಿ ಕುರ್ಚಿಯ ಬೆನ್ನು ಗೋಡೆಗೆ ತಾಗಿರಲಿ, ಇದನ್ನು ಪರಿಚಯದಲ್ಲೇ ಹೇಳಿ.

ಮಾತು ಆಡುಮಾತಿನಲ್ಲೇ ಇರಲಿ:

“ಎಲ್ಲಾರಿಗೂ ನಮಸ್ಕಾರ್ರೀ. ಡಬ್ಬಿ ಒಂದೂ ಇಪ್ಪತ್ತೈದಕ್ಕ ತಗಿಯೂಣು. ಅಲ್ಲೀತನಕಾ ಕುತ್ತಿಗಿ, ಭುಜಾ, ಸೊಂಟಾ ಹಿಡದವ್ರಿಗೆ ಕುರ್ಚಿ ಮ್ಯಾಲೆ ಕುಂತ ಮಾಡೂ ಯೋಗ ಐತ್ರಿ. ಬಟ್ಟಿ ಬದಲಸೂದು ಬ್ಯಾಡ, ಬೂಟ್ ಅಷ್ಟ ಬಿಚ್ಚರಿ. ಗಾಲಿ ಕುರ್ಚಿ ಇದ್ದವ್ರು ಗ್ವಾಡಿಗೆ ಹಚ್ಚಕೋರಿ. ಎಲ್ಲೆರ ನೋವಾತಂದ್ರ ಅಲ್ಲೇ ನಿಲ್ಲಸ್ರಿ, ಪಕ್ಕದವ್ರನ್ನ ನೋಡಬ್ಯಾಡ್ರಿ. ಕಲಸಾವ್ರು ಯೋಗದಾಗ ಡಿಪ್ಲೊಮಾ ಮಾಡ್ಯಾರ, ಎಂಟ ವರ್ಷದಿಂದ ಕಲಸಾಕತ್ತಾರ.”

ಹೆಸರು ಕಟ್ಟಕಡೆಗೆ, ನಿಧಾನವಾಗಿ. ಮೊದಲೇ ಹೇಳಿದರೆ ಚಪ್ಪಾಳೆ ಬೀಳುತ್ತದೆ, ಮುಂದಿನ ಸೂಚನೆಗಳು ಆ ಗದ್ದಲದಲ್ಲಿ ಹೋಗುತ್ತವೆ. ಬಯೋಡಾಟಾದ ಪ್ರಶಸ್ತಿ ಪಟ್ಟಿ ಬೇಕಾದವರಿಗೆ ನೋಟಿಸ್ ಬೋರ್ಡ್ ಇದೆ.

ಮಾತು ಮುಗಿಯುತ್ತಲೇ ಮೈಕ್ ಕೊಟ್ಟು ಮೊದಲ ಸಾಲಿನ ಕುರ್ಚಿಯಲ್ಲಿ ನೀವೂ ಕೂತು ಬೂಟ್ ಬಿಚ್ಚಿ. ಪರಿಚಯಿಸಿದವರೇ ಬಾಗಿಲ ಬಳಿ ಫೋನ್ ನೋಡುತ್ತ ನಿಂತರೆ ಹಿಂದಿನ ಸಾಲಿನಲ್ಲಿ ಡಬ್ಬಿಯ ಮುಚ್ಚಳದ ಸಪ್ಪಳ ಶುರುವಾಗುತ್ತದೆ.