ಆಯ್ತೋ, ಇತ್ತೋ: ಫ್ರೆಂಚ್ ಕಥನದ ಎರಡು ಭೂತಕಾಲ, ನನ್ನ ಅನುಭವ

ಫ್ರೆಂಚ್ ಭಾಷೆಯ ಡೆಲ್ಫ್ ಬಿ1 ಪರೀಕ್ಷೆಯ ಬರವಣಿಗೆಗೆ 45 ನಿಮಿಷ, ಕನಿಷ್ಠ 160 ಪದ, 25 ಅಂಕ. ಪತ್ರವೋ ಲೇಖನವೋ ಅಭಿಪ್ರಾಯವೋ, ಯಾವುದು ಬಂದರೂ ನಡೆದ ಸಂಗತಿಯೊಂದನ್ನು ಹೇಳುವ ಪ್ರಸಂಗ ಬಂದೇ ಬರುತ್ತದೆ ಎಂದುಕೊಂಡು ನಾನು ತಯಾರಿ ಮಾಡಿದೆ. ಅಲ್ಲಿ ಪ್ರತಿ ಕ್ರಿಯಾಪದದ ಎದುರೂ ಒಂದು ಕವಲುದಾರಿ: ಎರಡು ಭೂತಕಾಲಗಳಲ್ಲಿ ಪಾಸೇ ಕೊಂಪೋಜೇ ಹಾಕಬೇಕೋ, ಆಂಪಾರ್ಫೆ ಹಾಕಬೇಕೋ? ಫ್ರೆಂಚ್ ಪದಗಳನ್ನು ಇಲ್ಲಿ ಕಿವಿಗೆ ಕೇಳಿದಂತೆ ಕನ್ನಡದಲ್ಲೇ ಬರೆಯುತ್ತೇನೆ. ಕಾಗುಣಿತದ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಇಂಗ್ಲಿಷ್ ಮೂಲಕ ಫ್ರೆಂಚ್ ಕಲಿಸುವವರು ಸಾಮಾನ್ಯವಾಗಿ ಹೇಳುವುದು ಇಷ್ಟು: ಮುಗಿದ ಕೆಲಸಕ್ಕೆ ಮೊದಲನೆಯದು, ನಡೆಯುತ್ತಿದ್ದ ಕೆಲಸಕ್ಕೆ ಎರಡನೆಯದು. ಓಡುವುದು, ತಿನ್ನುವುದಕ್ಕೆ ಇದು ಸಾಕು. ಭಯ, ಅರಿವು, ಆಸೆ, ಅನಿವಾರ್ಯ ಇವುಗಳ ಹತ್ತಿರ ಬಂದಾಗ ಕೈಕೊಡುತ್ತದೆ, ಏಕೆಂದರೆ ‘ಗೊತ್ತಿತ್ತು’ ಮತ್ತು ‘ಗೊತ್ತಾಯ್ತು’ ಎರಡಕ್ಕೂ ಇಂಗ್ಲಿಷಿನ ಒಂದೇ ರೂಪ ಸಾಕಾಗಿಬಿಡುತ್ತದೆ. ಕನ್ನಡದಲ್ಲಿ ಹಾಗಿಲ್ಲ. ನಮ್ಮಲ್ಲಿ ‘ಇರು’ ಬೇರೆ, ‘ಆಗು’ ಬೇರೆ, ಮತ್ತು ಫ್ರೆಂಚರು ಗೆರೆ ಎಳೆಯುವುದೂ ಹೆಚ್ಚುಕಮ್ಮಿ ಅದೇ ಜಾಗದಲ್ಲಿ.

ಗೊತ್ತಿತ್ತು ಎಂದರೆ ಜ ಸಾವೆ, ಗೊತ್ತಾಯ್ತು ಎಂದರೆ ಜೆ ಸ್ಯು. ಭಯ ಇತ್ತು ಎಂದರೆ ಜಾವೆ ಪೆರ್, ಭಯ ಆಯ್ತು ಎಂದರೆ ಜೆ ಯು ಪೆರ್. ಹೋಗಬೇಕಿತ್ತು, ಹೋದೆನೋ ಇಲ್ಲವೋ ಇನ್ನೂ ಹೇಳಿಲ್ಲ, ಆಗ ಜ ದವೆ. ಹೋಗಬೇಕಾಯ್ತು, ಅಂದರೆ ಹೋಗಿಯೇ ಹೋದೆ, ಆಗ ಜೆ ದ್ಯು. ನಿರಾಕರಣೆಯಲ್ಲೂ ಇದು ನಿಲ್ಲುತ್ತದೆ: ‘ಆಗ್ತಿರಲಿಲ್ಲ’ಕ್ಕೆ ಜ ನ ಪೂವೆ ಪಾ, ‘ಆಗಲಿಲ್ಲ’ಕ್ಕೆ ಜ ನೆ ಪಾ ಪ್ಯು. ಮಳೆಗಾಲದ ಮಲೆನಾಡಿನವರಿಗೆ ಇನ್ನೂ ಹತ್ತಿರದ ಜೋಡಿ ಬೇಕೆಂದರೆ, ‘ಕರೆಂಟ್ ಹೋಯ್ತು’ ಪಾಸೇ ಕೊಂಪೋಜೇ, ‘ಕರೆಂಟ್ ಇರಲಿಲ್ಲ’ ಆಂಪಾರ್ಫೆ. ಒಂದು ಕಥೆಯನ್ನು ಮುಂದಕ್ಕೆ ತಳ್ಳುತ್ತದೆ, ಇನ್ನೊಂದು ಕಥೆ ನಡೆಯುವ ಕತ್ತಲೆಯನ್ನು ತೋರಿಸುತ್ತದೆ.

ಹಾಗಾಗಿ ಪರೀಕ್ಷೆಯ ಕರಡು ಹಾಳೆಯಲ್ಲಿ ನಾನು ಮೊದಲ ಐದಾರು ನಿಮಿಷ ಕಥೆಯನ್ನು ಆಡುಮಾತಿನ ಕನ್ನಡದಲ್ಲಿ ಎಂಟು-ಹತ್ತು ತುಂಡು ವಾಕ್ಯಗಳಾಗಿ ಬರೆದು, ಪ್ರತಿ ಕ್ರಿಯಾಪದದ ತಲೆಯ ಮೇಲೆ ಒಂದು ಅಕ್ಷರ ಹಾಕುತ್ತಿದ್ದೆ. ಆಯ್ತು, ಬಂತು, ಬಿತ್ತು, ನಿಂತಿತು ಎಂಬಂಥವಕ್ಕೆ ‘ಆ’. ಇತ್ತು, ಬರ್ತಿತ್ತು, ಗೊತ್ತಿತ್ತು ಎಂಬಂಥವಕ್ಕೆ ‘ಇ’. ಫ್ರೆಂಚಿನಲ್ಲೇ ಯೋಚಿಸಿ ಎಂದು ಮೇಷ್ಟ್ರುಗಳು ಹೇಳುವುದು ಸರಿಯೇ. ಪದ, ವಾಕ್ಯರಚನೆಗಳನ್ನು ಕನ್ನಡದಿಂದ ಎತ್ತಿಕೊಂಡರೆ ಕೆಡುತ್ತದೆ. ನಾನು ಎತ್ತಿಕೊಂಡದ್ದು ಕ್ರಿಯಾಪದದ ಬಾಲವನ್ನು ಮಾತ್ರ. ಗ್ರಾಂಥಿಕ ಕನ್ನಡದಲ್ಲಿ ಬರೆದರೆ ಇದು ಅಷ್ಟು ಚೆನ್ನಾಗಿ ಕೆಲಸ ಮಾಡದು, ಮನೆಯಲ್ಲಿ ಹೇಳುವ ಹಾಗೆಯೇ ಬರೆಯಬೇಕು.

ಒಂದು ಪ್ರಶ್ನೆ ಇಟ್ಟುಕೊಂಡು ನೋಡೋಣ. ಮರೆಯಲಾಗದ ಒಂದು ಪ್ರಯಾಣದ ಬಗ್ಗೆ ಫ್ರಾನ್ಸಿನ ಗೆಳತಿಗೆ ಪತ್ರ, ಏನಾಯಿತು ಮತ್ತು ನಿಮಗೆ ಏನನ್ನಿಸಿತು ಎರಡೂ ಬೇಕು. ಕರಡು ಹೀಗಿರುತ್ತದೆ: ಬೆಳಗ್ಗೆಯಿಂದ ಮಳೆ ಸುರೀತಿತ್ತು. ತೀರ್ಥಹಳ್ಳಿಯಲ್ಲಿ ಮುಕ್ಕಾಲು ಗಂಟೆ ಬಸ್ಸಿಗೆ ಕಾಯ್ತಾ ಇದ್ವಿ. ಬಸ್ ತುಂಬಿತ್ತು, ಕಿಟಕಿಯಿಂದ ನೀರು ಒಳಗೆ ಬರ್ತಿತ್ತು. ಆಗುಂಬೆ ಇನ್ನೇನು ಬಂತು ಅನ್ನುವಾಗ ಬಸ್ ನಿಂತುಬಿಡ್ತು. ರಸ್ತೆಗೆ ಮರ ಬಿದ್ದಿತ್ತು. ನನಗೆ ಭಯ ಆಯ್ತು. ಡ್ರೈವರಿಗೆ ದಾರಿ ಚೆನ್ನಾಗಿ ಗೊತ್ತಿತ್ತು. ಸೂರ್ಯಾಸ್ತ ನೋಡೋ ಆಸೆ ಇತ್ತು, ಆಗಲಿಲ್ಲ. ಆದ್ರೂ ಆ ದಿನ ನನಗೆ ಇಷ್ಟವಾಯ್ತು.

ಬಹುಪಾಲು ಕ್ರಿಯಾಪದಗಳು ತಾವಾಗಿಯೇ ಬೇರೆಯಾಗುತ್ತವೆ. ಮಳೆ ಸುರೀತಿತ್ತು, ನೀರು ಬರ್ತಿತ್ತು, ಗೊತ್ತಿತ್ತು, ಆಸೆ ಇತ್ತು: ಇವು ‘ಇ’. ನಿಂತುಬಿಡ್ತು, ಭಯ ಆಯ್ತು, ಆಗಲಿಲ್ಲ, ಇಷ್ಟವಾಯ್ತು: ಇವು ‘ಆ’. ‘ಬಿಡು’ ಅಂಟಿಕೊಂಡ ಕ್ರಿಯಾಪದ ಕಥೆಯ ಗೆರೆಯಲ್ಲಿ ಬಂದರೆ ಯೋಚನೆಯೇ ಬೇಡ, ಅದು ‘ಆ’. ಉಳಿದ ಮೂರರಲ್ಲಿ ಕನ್ನಡ ನಮ್ಮನ್ನು ಹಳ್ಳಕ್ಕೆ ತಳ್ಳುತ್ತದೆ. ಅಲ್ಲೇ ಸ್ವಲ್ಪ ನಿಲ್ಲಬೇಕು.

ಮೊದಲನೆಯದು ‘ಮುಕ್ಕಾಲು ಗಂಟೆ ಕಾಯ್ತಾ ಇದ್ವಿ’. ಬಾಲದಲ್ಲಿ ‘ಇದ್ವಿ’ ಇದೆ, ಕೈ ತಾನಾಗಿಯೇ ಆಂಪಾರ್ಫೆ ಬರೆಯುತ್ತದೆ. ಆದರೆ ಇಲ್ಲಿ ಮುಕ್ಕಾಲು ಗಂಟೆ ಎಂಬ ಬೇಲಿ ಬಿದ್ದಿದೆ: ಕಾಯುವುದು ಶುರುವಾಯಿತು, ಮುಗಿಯಿತು, ಅಳತೆಯೂ ಸಿಕ್ಕಿತು. ಒಟ್ಟು ಅಳತೆ ಹೇಳಿದ ಕೂಡಲೇ ಫ್ರೆಂಚ್ ಅದನ್ನು ಹೊರಗಿನಿಂದ, ಇಡಿಯಾಗಿ ನೋಡುತ್ತದೆ, ಆದ್ದರಿಂದ ನೂಜ್ ಆವೋಂಜ್ ಆತಾಂದ್ಯು. ಕೆಲಸ ಎಷ್ಟು ಉದ್ದ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಐದು ವರ್ಷ ಸಾಗರದಲ್ಲಿ ಇದ್ದೆವು ಎಂದು ಹೇಳಿ ಮುಗಿಸುವುದಾದರೆ ಐದು ವರ್ಷಕ್ಕೂ ಪಾಸೇ ಕೊಂಪೋಜೇಯೇ. ಮೂರು ದಿನ ಎಡೆಬಿಡದೆ ಸುರಿದ ಮಳೆಯೂ ಇಲ್ ಆ ಪ್ಲ್ಯು. ಎಷ್ಟು ಸಲ ಎಂಬ ಎಣಿಕೆಗೂ ಇದೇ ನ್ಯಾಯ: ಮೂರು ಸಲ ಜೋಗಕ್ಕೆ ಹೋದದ್ದು ‘ಆ’, ಪ್ರತಿ ಮಳೆಗಾಲ ಹೋಗುತ್ತಿದ್ದದ್ದು ‘ಇ’.

ಹಾಗಾದರೆ ‘ಬೆಳಗ್ಗೆಯಿಂದ ಮಳೆ ಸುರೀತಿತ್ತು’ ಯಾಕೆ ಆಂಪಾರ್ಫೆ, ಅಲ್ಲೂ ಕಾಲ ಹೇಳಿದೆಯಲ್ಲ ಎಂಬ ಸಂಶಯ ಬರುತ್ತದೆ. ಉತ್ತರ ‘ಇಂದ’ ಪ್ರತ್ಯಯದಲ್ಲಿದೆ. ‘ಬೆಳಗ್ಗೆಯಿಂದ’ ಎಂದಾಗ ಒಂದು ತುದಿಗೆ ಮಾತ್ರ ಬೇಲಿ ಇದೆ, ಕಥೆಯ ಆ ಗಳಿಗೆಯಲ್ಲಿ ಮಳೆ ಇನ್ನೂ ನಿಂತಿಲ್ಲ. ಇದು ಫ್ರೆಂಚಿನ ದಪ್ವಿ, ಅದರ ಜೊತೆ ಇಲ್ ಪ್ಲೊವೆ. ಇಂದ ಇಲ್ಲದೆ ಬರೀ ‘ಒಂದು ಗಂಟೆ’ ಎಂದರೆ ಪಾಂದಾಂ, ಅದರ ಜೊತೆ ಪಾಸೇ ಕೊಂಪೋಜೇ. ಕರಡಿನಲ್ಲಿ ನಾನು ಅಕ್ಷರ ಹಾಕುವ ಮುನ್ನ ಕಾಲದ ಅಳತೆಗಳಿಗೆಲ್ಲ ಅಡ್ಡಗೆರೆ ಎಳೆಯುತ್ತಿದ್ದೆ. ಗೆರೆ ಬಿದ್ದ ವಾಕ್ಯದಲ್ಲಿ ಬಾಲವನ್ನು ನಂಬದೆ ‘ಇಂದ’ ಇದೆಯೇ ಎಂದಷ್ಟೇ ನೋಡುತ್ತಿದ್ದೆ.

ಎರಡನೆಯದು ‘ಮರ ಬಿದ್ದಿತ್ತು’. ಇಲ್ಲೂ ‘ಇತ್ತು’ ಇದೆ, ಆದರೆ ಬೀಳುವುದು ಬಸ್ ನಿಲ್ಲುವುದಕ್ಕಿಂತ ಮೊದಲೇ ಮುಗಿದಿದೆ. ಇದಕ್ಕೆ ಫ್ರೆಂಚಿನಲ್ಲಿ ಮೂರನೆಯ ಕಾಲವೇ ಇದೆ, ಪ್ಲ್ಯು-ಕ-ಪಾರ್ಫೆ: ಅನ್ ಆರ್ಬ್ರ ಏತೆ ತೋಂಬೇ. ಅದನ್ನು ಕಟ್ಟುವುದೂ ಕನ್ನಡದಂತೆಯೇ, ಮುಗಿದ ರೂಪದ ಜೊತೆಗೆ ಸಹಾಯಕ ಕ್ರಿಯಾಪದದ ಆಂಪಾರ್ಫೆ. ಮೂರೂ ಕಾಲಗಳ ವ್ಯತ್ಯಾಸ ತಿಳಿಯಲು ನಮ್ಮೂರ ಬಸ್ ನಿಲ್ದಾಣಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ನಾವು ಹೋದಾಗ ಬಸ್ ಹೊರಡ್ತಿತ್ತು, ಲ ಬ್ಯುಸ್ ಪಾರ್ತೆ: ಓಡಿದರೆ ಸಿಗಬಹುದು. ನಾವು ಹೋದೆವು, ಬಸ್ ಹೊರಟಿತು, ಲ ಬ್ಯುಸ್ ಎ ಪಾರ್ತಿ: ನಾವು ತಲುಪಿದ ಮೇಲೆ ಹೊರಟಿದೆ. ನಾವು ಹೋದಾಗ ಬಸ್ ಹೋಗಿತ್ತು, ಲ ಬ್ಯುಸ್ ಏತೆ ಪಾರ್ತಿ: ಇನ್ನು ಮುಂದಿನ ಬಸ್ಸೇ ಗತಿ. ಕರಡಿನಲ್ಲಿ ಇಂಥದಕ್ಕೆ ‘ಹಿ’ ಎಂದು ಬರೆಯುತ್ತಿದ್ದೆ, ಹಿಂದೆ ಎಂಬರ್ಥದಲ್ಲಿ. ಬಿ1 ಪತ್ರದಲ್ಲಿ ಒಂದೋ ಎರಡೋ ಇದ್ದರೆ ಸಾಕು.

ಆದರೆ ಮೂರನೆಯದಾದ ‘ಬಸ್ ತುಂಬಿತ್ತು’ ಕೂಡ ಇದೇ ಅಚ್ಚಿನದು, ಅದಕ್ಕೆ ‘ಹಿ’ ಹಾಕಿದರೆ ತಪ್ಪು. ಯಾರು ಯಾವಾಗ ತುಂಬಿಸಿದರು ಎಂಬುದು ಕಥೆಗೆ ಬೇಡ, ಬಸ್ಸಿನ ಸ್ಥಿತಿಯಷ್ಟೇ ಬೇಕು. ಫ್ರೆಂಚಿನಲ್ಲಿ ಅದಕ್ಕೊಂದು ವಿಶೇಷಣ ಸಿದ್ಧವಿದೆ: ಲ ಬ್ಯುಸ್ ಏತೆ ಪ್ಲಾಂ. ‘ಸುಸ್ತಾಗಿತ್ತು’ ಕೂಡ ಹೀಗೆಯೇ. ನಾನು ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಒಂದೇ: ಇದಕ್ಕೆ ಮೊದಲು ‘ಅಷ್ಟು ಹೊತ್ತಿಗಾಗಲೇ’ ಸೇರಿಸಿದರೆ ಕಥೆಗೆ ಹೊಸ ಘಟನೆಯೊಂದು ಸಿಗುತ್ತದೆಯೇ? ಮರಕ್ಕೆ ಸಿಗುತ್ತದೆ, ಬಸ್ಸಿಗೆ ಸಿಗುವುದಿಲ್ಲ.

‘ಆ’ ಗುರುತು ತಪ್ಪುವ ಒಂದು ಜಾಗವೂ ಇದೆ. ಹಸಿವು, ಬಾಯಾರಿಕೆ, ನಿದ್ದೆ, ಚಳಿ: ಕನ್ನಡದಲ್ಲಿ ‘ಹಸಿವಾಯ್ತು, ಅದಕ್ಕೇ ಕಡುಬು ತಿಂದೆ’ ಎನ್ನುತ್ತೇವೆ. ಫ್ರೆಂಚಿನಲ್ಲಿ ಹಸಿವು ತಿನ್ನುವುದಕ್ಕೆ ಕಾರಣವಾಗಿ ಹಿನ್ನೆಲೆಯಲ್ಲಿ ಕೂತಿರುತ್ತದೆ, ಜಾವೆ ಫಾಂ ಎಂದೇ ಸಹಜ. ದೇಹದ ಇಂಥ ನಾಲ್ಕೈದು ಅವಸ್ಥೆಗಳು ಕಾರಣವಾಗಿ ಬಂದಾಗ ನಾನು ‘ಆಯ್ತು’ ಇದ್ದರೂ ‘ಇ’ ಹಾಕುತ್ತಿದ್ದೆ. ಭಯಕ್ಕೆ ಹಾಗಲ್ಲ. ಬಸ್ ಗಕ್ಕನೆ ನಿಂತಾಗ ಹುಟ್ಟಿದ ಭಯ ತಾನೇ ಒಂದು ಘಟನೆ.

ಇನ್ನು ಅನಿಸಿಕೆಯ ಸಾಲು. ಸೆತೆ ಎಂಬ ಆಂಪಾರ್ಫೆಯನ್ನು ಕೊನೆಯ ಸಾಲಿನಲ್ಲಿ ಎಲ್ಲರೂ ಹಾಕುತ್ತಾರೆ, ‘ಚೆನ್ನಾಗಿತ್ತು’ ಎಂಬುದಕ್ಕೆ ಅದು ಸರಿಯೇ. ಜೊತೆಗೆ ‘ಇಷ್ಟವಾಯ್ತು’ ಎಂಬುದಕ್ಕೆ ಸಾ ಮಾ ಪ್ಲ್ಯು ಹಾಕಿದರೆ ಭಾವನೆ ಎರಡೂ ಕಾಲದಲ್ಲಿ ಬಂದಂತಾಗುತ್ತದೆ. ಮಳೆ ಬಂತು ಎನ್ನುವ ಪ್ಲ್ಯು, ಇಷ್ಟವಾಯ್ತು ಎನ್ನುವ ಪ್ಲ್ಯು, ಎರಡರ ಕಾಗುಣಿತವೂ ಒಂದೇ. ಮೂಲ ಕ್ರಿಯಾಪದಗಳು ಮಾತ್ರ ಬೇರೆ ಬೇರೆ. ಆಗುಂಬೆಯ ಪತ್ರಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ.

ಕಾಲ ಸರಿಯಾಗಿ ಆರಿಸಿಯೂ ಅಂಕ ಹೋಗುವುದು ಕಾಗುಣಿತದಲ್ಲಿ. ಮಾತಾಡ್ತಿದ್ದೆ ಎಂಬುದಕ್ಕೆ ಜ ಪಾರ್ಲೆ, ಮಾತಾಡಿದೆ ಎಂಬುದಕ್ಕೆ ಜೆ ಪಾರ್ಲೇ. ಕನ್ನಡದ ಕಿವಿಗೆ ಇವು ಅಣ್ಣತಮ್ಮಂದಿರು. ಅವಸರದಲ್ಲಿ ಬರೆಯುವಾಗ ಕರ್ತೃವಿನ ಪಕ್ಕದಲ್ಲಿ ಸಹಾಯಕವಿಲ್ಲದೆ, ಕೊನೆಯಲ್ಲಿ ತಲೆಯ ಮೇಲೆ ಓರೆಗೆರೆ ಇರುವ ರೋಮನ್ ‘ಇ’ ಅಕ್ಷರ ಮಾತ್ರ ಇಟ್ಟು ಮುಂದೆ ಹೋಗಿಬಿಡುತ್ತೇವೆ. ಆ ರೂಪ ಯಾವ ಕಾಲಕ್ಕೂ ಸೇರುವುದಿಲ್ಲ, ಹಾಗಾಗಿ ನಾವು ಏನನ್ನು ಆರಿಸಿದೆವು ಎಂಬುದೇ ಪರೀಕ್ಷಕರಿಗೆ ತಿಳಿಯುವುದಿಲ್ಲ. ಕೊನೆಯ ಐದು ನಿಮಿಷ ನಾನು ಅರ್ಥ ಓದುತ್ತಲೇ ಇರಲಿಲ್ಲ. ಬೆರಳನ್ನು ಒಂದೊಂದೇ ಕ್ರಿಯಾಪದದ ಮೇಲಿಟ್ಟು ಕರಡಿನ ಅಕ್ಷರಕ್ಕೆ ತಾಳೆ ನೋಡುತ್ತಿದ್ದೆ. ‘ಆ’ ಇದ್ದಲ್ಲಿ ಮುಂದೆ ಆವ್ವಾರ್ ಅಥವಾ ಎತ್ರ್ ಎಂಬ ಸಹಾಯಕ ಕ್ರಿಯಾಪದ ಇದೆಯೇ, ಹೋಗು, ಬರು, ಬೀಳು, ಹೊರಡು ಇವಕ್ಕೆ ಎತ್ರ್ ಬಿದ್ದಿದೆಯೇ? ‘ಇ’ ಇದ್ದಲ್ಲಿ ಒಂದೇ ಪದವಿದೆಯೇ, ನಾನು ಎಂಬುದಕ್ಕೆ ಎ-ಐ-ಎಸ್, ಅವನು-ಅವಳು ಎಂಬುದಕ್ಕೆ ಎ-ಐ-ಟಿ ಕೊನೆಗೆ ಬಂದಿದೆಯೇ? ‘ನಾವು’ ಬಂದಲ್ಲಿ ಇನ್ನೊಮ್ಮೆ ನೋಡುತ್ತಿದ್ದೆ: ‘ನಮಗೆ ಆಸೆ ಇತ್ತು’ ಎಂಬುದಕ್ಕೆ ಆಂಪಾರ್ಫೆಯ ನೂ ವೂಲ್ಯೋಂ ಬರೆಯುವಾಗ ಒ-ಎನ್-ಎಸ್ ಮುಂಚಿನ ಐ ಅಕ್ಷರವೊಂದು ಬಿಟ್ಟುಹೋದರೆ ಅದು ವರ್ತಮಾನಕಾಲವಾಗಿ, ಮಳೆಯಲ್ಲಿ ನಿಂತ ಬಸ್ಸಿನಲ್ಲೇ ಕಥೆಯ ಕಾಲ ಬದಲಾಗಿಬಿಡುತ್ತದೆ.