ರಟ್ಟಿನ ಬಾಕ್ಸಿನ ರೇಟು ₹23.10, ಆದರೆ ಯಾವ ಲೆಕ್ಕದಲ್ಲಿ? ಸಪ್ಲೈಯರ್‌ಗಳಿಂದ ಹೊಸ ನಮೂನೆಯಲ್ಲಿ ಕೊಟೇಶನ್ ತರಿಸುವ ಇಮೇಲ್ ಬರೆಯುವುದು ಹೇಗೆ?

ಶಿರಸಿಯಲ್ಲಿ ಹಲಸಿನ ಚಿಪ್ಸ್, ಕೋಕಂ, ಕಾಳುಮೆಣಸು ಪ್ಯಾಕ್ ಮಾಡುವ ಒಂದು ಸಣ್ಣ ಘಟಕದಲ್ಲಿ ಖರೀದಿ ನೋಡಿಕೊಳ್ಳುವವನು ನಾನು. ರಟ್ಟಿನ ಬಾಕ್ಸ್, ಪೌಚ್, ಲೇಬಲ್ ಇವೆಲ್ಲ ನಮಗೆ ಹುಬ್ಬಳ್ಳಿ, ಮಂಗಳೂರು ಕಡೆಯಿಂದ ಬರುತ್ತವೆ. ಒಬ್ಬೊಬ್ಬ ಸಪ್ಲೈಯರ್ ರೇಟು ಬರೆಯುವ ರೀತಿ ಒಂದೊಂದು. ನಮ್ಮ ಲೆಕ್ಕ ಬರೆಯುವ ಹಿರಿಯರು ಒಂದು ದಿನ ಎರಡು ಹಾಳೆ ಮುಂದಿಟ್ಟು ಕೇಳಿದರು: 'ತಮಾ, ಇದ್ರಲ್ಲಿ ಯಾವ್ದು ಕಡ್ಮೆ ಹೇಳಿ ಹ್ಯಾಂಗೆ ಗೊತ್ತಾಗ್ತು?'

ಒಂದು ಹಾಳೆಯಲ್ಲಿ ಒಂದು ಬಾಕ್ಸಿಗೆ ₹23.10, ಎಲ್ಲ ಸೇರಿ, ಶಿರಸಿಗೆ ತಲುಪಿಸಿ. ಇನ್ನೊಂದರಲ್ಲಿ ₹20.50, ತೆರಿಗೆ ಬೇರೆ, ಬಾಡಿಗೆ ಬೇರೆ. ಸುಮ್ನೆ ನೋಡಿದರೆ ಎರಡನೆಯದೇ ಅಗ್ಗ. ಆದರೆ 1,000 ಬಾಕ್ಸಿನ ಲೋಡಿಗೆ ₹1,800 ಬಾಡಿಗೆ ಬೀಳುತ್ತದೆ. ಅಂದರೆ ಬಾಕ್ಸಿಗೆ ₹1.80. ತೆರಿಗೆ ಬಿಟ್ಟು ನಮ್ಮ ಗೋದಾಮಿಗೆ ಬೀಳುವ ಬೆಲೆ ₹22.30. ಮೊದಲನೆಯವರ ₹23.10ರಲ್ಲಿ 5% ಜಿಎಸ್‌ಟಿ ಸೇರಿದ್ದರೆ ಮೂಲ ಬೆಲೆ ₹22.00. ಅವರದ್ದೇ ಕಡಿಮೆ.

ಕಗ್ಗಂಟು ಇರುವುದು ಆ 'ಸೇರಿದ್ದರೆ' ಎಂಬಲ್ಲಿ. ರಟ್ಟಿನ ಬಾಕ್ಸಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 12%ನಿಂದ 5%ಗೆ ಇಳಿದಿದೆ. ಆ ಹಾಳೆ ಹಳೇ ತೆರಿಗೆ ಹಿಡಿದು ಬರೆದದ್ದಾದರೆ ಮೂಲ ಬೆಲೆ ₹20.63 ಮಾತ್ರ. 1,000 ಬಾಕ್ಸಿಗೆ ಸುಮಾರು ₹1,375 ವ್ಯತ್ಯಾಸ. ಇದನ್ನು ನಾವು ಕೂತು ಊಹಿಸಿ ಪ್ರಯೋಜನವಿಲ್ಲ. ರೇಟು ಕೊಟ್ಟವರೇ ಹೇಳಬೇಕು. ಅದಕ್ಕಾಗಿಯೇ ಹೊಸ ನಮೂನೆ, ಹೊಸ ಕೊಟೇಶನ್.

ಮೊದಲು ನಮೂನೆಯನ್ನು ನೀವೇ ತುಂಬಿ ನೋಡಿ

ಇಮೇಲ್ ಬರೆಯುವ ಮುಂಚೆ, ಹಳೇ ಕೊಟೇಶನ್ ಒಂದನ್ನು ಹಿಡಿದು ಹೊಸ ಹಾಳೆ ತುಂಬಿ. ನಾನು ತುಂಬಲು ಕೂತಾಗಲೇ ಪೌಚಿನ ಸಾಲಿನಲ್ಲಿ ಸಿಕ್ಕಿಬಿದ್ದೆ. ನಮಗೆ ಬೇಕಾದದ್ದು ಒಂದು ಪೌಚಿನ ಬೆಲೆ, ಅವರು ಕೊಡುವುದು ಕಿಲೋ ಲೆಕ್ಕ. ಕಿಲೋಗೆ ₹280 ಎಂದರೆ ಎಷ್ಟಾಯಿತು? 100 ಪೌಚ್ ತಕ್ಕಡಿಗೆ ಹಾಕಿದೆ, 800 ಗ್ರಾಂ ಬಂತು. ಕಿಲೋಗೆ 125 ಪೌಚ್, ಒಂದಕ್ಕೆ ₹2.24. ಪೌಚಿನ ದಪ್ಪ ಬದಲಾದರೆ ಈ ಲೆಕ್ಕವೂ ಬದಲಾಗುತ್ತದೆ. ಹಾಗಾಗಿ 'ಕಿಲೋಗೆ ಎಷ್ಟು ಪೌಚ್' ಎಂಬ ಅಂಕಣವನ್ನೂ ಸೇರಿಸಿದೆ.

ಅಂಕಣ ಜಾಸ್ತಿ ಮಾಡಬೇಡಿ. ವಸ್ತುವಿನ ಹೆಸರು ಮತ್ತು ಅಳತೆ, ಎಚ್‌ಎಸ್‌ಎನ್ ಸಂಖ್ಯೆ, ಘಟಕ, ತೆರಿಗೆ ಬಿಟ್ಟು ಬೆಲೆ, ಜಿಎಸ್‌ಟಿ ಶೇಕಡಾ, ಶಿರಸಿವರೆಗಿನ ಬಾಡಿಗೆ, ಒಂದು ಲೋಡಿನಲ್ಲಿ ಬರುವ ಸಂಖ್ಯೆ, ರೇಟು ಎಲ್ಲಿಯವರೆಗೆ ಎಂಬ ತಾರೀಖು, ಪೌಚಿಗೆ ಮಾತ್ರ ಕಿಲೋಗೆ ಎಷ್ಟು ಪೌಚ್, ಕೊನೆಯಲ್ಲಿ ಬೆಲೆ ಬದಲಾಗಿದ್ದರೆ ಕಾರಣ. ನಮಗೆ ಇಷ್ಟು ಸಾಕಾಯಿತು. ಬಾಕ್ಸಿನ ಅಳತೆ ಒಳಗಿನದೋ ಹೊರಗಿನದೋ, 3 ಪ್ಲೈಯೋ 5 ಪ್ಲೈಯೋ ಎಂಬುದನ್ನು ನಾವೇ ಬರೆದು ಕಳಿಸಬೇಕು. ಅದನ್ನು ಅವರಿಗೆ ಬಿಟ್ಟರೆ ಬೇರೆ ಬೇರೆ ಬಾಕ್ಸಿನ ರೇಟು ಬರುತ್ತದೆ.

ಬೆಲೆ D, ಬಾಡಿಗೆ F, ಲೋಡಿನ ಸಂಖ್ಯೆ G ಅಂಕಣದಲ್ಲಿದ್ದರೆ, ಗೋದಾಮಿಗೆ ಬೀಳುವ ಬೆಲೆ ಹೀಗೆ:

```
=D2+F2/G2
```

ಬಾಡಿಗೆ ಇಲ್ಲದಿದ್ದರೆ 0 ಎಂದೇ ಬರೆಯಲು ಹೇಳಿ. ಖಾಲಿ ಬಿಟ್ಟರೂ ಎಕ್ಸೆಲ್ ಅದನ್ನು ಸೊನ್ನೆ ಎಂದೇ ಹಿಡಿಯುತ್ತದೆ. ಬಾಡಿಗೆ ಬರೆಯಲು ಮರೆತವರೇ ಆಗ ಎಲ್ಲರಿಗಿಂತ ಅಗ್ಗವಾಗಿ ಕಾಣುತ್ತಾರೆ. G ಖಾಲಿ ಇದ್ದರೆ `#DIV/0!` ಎಂದು ಬರುತ್ತದೆ, ಅದು ಕಣ್ಣಿಗೆ ಬೀಳುತ್ತದೆ. ಬಾಡಿಗೆಯ ತಪ್ಪು ಬೀಳುವುದಿಲ್ಲ.

ಇಮೇಲಿನಲ್ಲಿ ಏನಿರಬೇಕು

ನನ್ನ ಮೊದಲ ಇಮೇಲ್ ಎರಡೇ ಸಾಲು: 'ನಮೂನೆ ಬದಲಾಗಿದೆ. ಲಗತ್ತಿಸಿದ ಹಾಳೆಯಲ್ಲಿ ಕೊಟೇಶನ್ ಮತ್ತೆ ಕಳಿಸಿ.' ಒಂಬತ್ತು ಜನರಲ್ಲಿ ಮೂವರು ತುಂಬಿದರು. ಹುಬ್ಬಳ್ಳಿಯವರೊಬ್ಬರು ಫೋನ್ ಮಾಡಿ, 'ಏನ್ರೀ ಸರ್, ಕೊಟ್ಟಿರೋ ಆರ್ಡರ್ ಕ್ಯಾನ್ಸಲ್ ಏನ್ರೀ?' ಎಂದರು. ಇನ್ನೊಬ್ಬರು ಅವಕಾಶ ಸಿಕ್ಕಿತೆಂದು ರೇಟನ್ನೇ ಏರಿಸಿದರು. ಏರಿಸಬೇಡಿ ಎಂದು ನಾನು ಎಲ್ಲೂ ಹೇಳಿರಲಿಲ್ಲ, ಅಲ್ವಾ? ಸಾಲದ್ದಕ್ಕೆ ಒಂಬತ್ತೂ ವಿಳಾಸಗಳನ್ನು `Cc`ಯಲ್ಲಿ ಹಾಕಿದ್ದೆ. ಯಾರು ಯಾರಿಗೆ ಪೈಪೋಟಿ ಎಂದು ಎಲ್ಲರಿಗೂ ಗೊತ್ತಾಯಿತು. ಈಗ ಒಬ್ಬೊಬ್ಬರಿಗೆ ಬೇರೆ ಬೇರೆ ಕಳಿಸುತ್ತೇನೆ. ಒಟ್ಟಿಗೇ ಕಳಿಸುವುದಾದರೆ `Bcc`.

ಹಾಗಾಗಿ ಮೂರು ಪ್ರಶ್ನೆಗೆ ಇಮೇಲಿನಲ್ಲೇ ಉತ್ತರ ಇರಲಿ. ಹಳೇ ಆರ್ಡರ್ ಏನಾಗುತ್ತದೆ? ರೇಟು ಬದಲಿಸಬಹುದೇ? ಕಳಿಸದಿದ್ದರೆ ಏನು? ಎರಡನೇ ಬಾರಿ ನಾನು ಬರೆದದ್ದು ಹೀಗಿತ್ತು:

> ವಿಷಯ: ರಟ್ಟಿನ ಬಾಕ್ಸ್, ಪೌಚ್: ಹೊಸ ನಮೂನೆಯಲ್ಲಿ ಕೊಟೇಶನ್, ಮೇ 8ರ ಸಂಜೆ 5ರೊಳಗೆ
>
> ಮಾನ್ಯರೇ,
>
> ನಮ್ಮ ರೇಟ್ ಲಿಸ್ಟಿನ ನಮೂನೆ ಬದಲಾಗಿದೆ. ಇನ್ನು ಮುಂದೆ ತೆರಿಗೆ ಬಿಟ್ಟು ಬೆಲೆ, ಜಿಎಸ್‌ಟಿ ಮತ್ತು ಶಿರಸಿವರೆಗಿನ ಬಾಡಿಗೆಯನ್ನು ಬೇರೆ ಬೇರೆ ಅಂಕಣದಲ್ಲಿ ಬರೆಯಬೇಕು. ಖಾಲಿ ಹಾಳೆ ಲಗತ್ತಿಸಿದೆ. ಮಾದರಿಗೆ ಮೊದಲ ಸಾಲು ತುಂಬಿದ್ದೇವೆ, ಅದರಲ್ಲಿರುವ ಬೆಲೆ ಕಾಲ್ಪನಿಕ.
>
> ಈಗಾಗಲೇ ಕೊಟ್ಟ ಆರ್ಡರ್‌ಗಳು ಹಳೇ ರೇಟಿನಲ್ಲೇ ನಡೆಯುತ್ತವೆ. ನಿಮ್ಮ ಈಗಿನ ಮೂಲ ಬೆಲೆಯನ್ನೇ ಹೊಸ ಹಾಳೆಯಲ್ಲಿ ಬಿಡಿಸಿ ಬರೆಯಿರಿ. ಬೆಲೆ ಬದಲಾಗಿದ್ದರೆ ಕೊನೆಯ ಅಂಕಣದಲ್ಲಿ ಕಾರಣ ತಿಳಿಸಿ. ಬಾಡಿಗೆ ಇಲ್ಲದಿದ್ದರೆ 0 ಬರೆಯಿರಿ.
>
> ಮೇ 8ರ ನಂತರ ಹೊಸ ಆರ್ಡರ್‌ಗಳಿಗೆ ಹೊಸ ನಮೂನೆಯ ಕೊಟೇಶನ್ ಮಾತ್ರ ನೋಡುತ್ತೇವೆ. ಹಾಳೆ ತುಂಬುವಾಗ ತೊಂದರೆ ಆದರೆ ಫೋನ್ ಮಾಡಿ.

ಮೇ ತಿಂಗಳನ್ನು ಸುಮ್ನೆ ಆರಿಸಿದ್ದಲ್ಲ. ಮಳೆ ಹಿಡಿದ ಮೇಲೆ ಇಲ್ಲಿ ರಟ್ಟು ಮೆತ್ತಗಾಗುತ್ತದೆ, ದೊಡ್ಡ ಸ್ಟಾಕ್ ಇಡಲು ಬರುವುದಿಲ್ಲ. ಮಂಗಳೂರಿನಿಂದ ಕುಮಟಾ ಮೇಲೆ ಬರುವ ಲಾರಿಗೆ ದೇವಿಮನೆ ಘಟ್ಟದಲ್ಲಿ ರಸ್ತೆ ಬಂದ್ ಆದರೆ ಸುತ್ತು ದಾರಿ, ಬಾಡಿಗೆಯೂ ಬೇರೆ. ಮಂಗಳೂರಿನವರ ಹಾಳೆಯಲ್ಲಿ ಮಳೆಗಾಲದ ಬಾಡಿಗೆಗೆ ಪ್ರತ್ಯೇಕ ಸಾಲು ಕೊಟ್ಟಿದ್ದೇನೆ.

ಉತ್ತರ ಬಂದ ಮೇಲೆ

ಅರ್ಧ ಜನ ಇಮೇಲ್ ನೋಡುವುದು ಮೊಬೈಲಿನಲ್ಲಿ. ಅಲ್ಲಿ ಎಕ್ಸೆಲ್ ತುಂಬುವುದು ಕಷ್ಟ. ಪ್ರಿಂಟ್ ತೆಗೆದು ಪೆನ್ನಿನಲ್ಲಿ ಬರೆದು ಫೋಟೋ ಕಳಿಸಿದರೂ ನಾನು ತೆಗೆದುಕೊಳ್ಳುತ್ತೇನೆ. ಆದರೆ ಅದನ್ನು ನಾವೇ ಟೈಪ್ ಮಾಡಿ, 'ಇದು ಸರಿ ಇದೆಯೇ?' ಎಂದು ಇಮೇಲಿನಲ್ಲಿ ಒಪ್ಪಿಗೆ ಪಡೆಯುತ್ತೇನೆ. ಪೆನ್ನಿನ 1 ಮತ್ತು 7ರಲ್ಲಿ ಒಮ್ಮೆ ಏಟು ತಿಂದಿದ್ದೇನೆ.

ಬಂದ ಪ್ರತಿ ಹಾಳೆಯನ್ನು ಅದೇ ಸಪ್ಲೈಯರ್‌ನ ಕೊನೆಯ ಬಿಲ್ಲಿನ ಪಕ್ಕ ಇಡಿ. ಬಿಲ್ಲಿನಲ್ಲಿ ತೆರಿಗೆ ಬೇರೆಯಾಗಿಯೇ ಇರುತ್ತದೆ. ಬಿಲ್ಲಿನ ಮೂಲ ಬೆಲೆಗೂ ಹಾಳೆಯ ಬೆಲೆಗೂ ಸರಿಯಾಗಿ ತೆರಿಗೆಯಷ್ಟೇ ವ್ಯತ್ಯಾಸ ಕಂಡರೆ, ಅವರು 'ತೆರಿಗೆ ಬಿಟ್ಟು' ಅಂಕಣದಲ್ಲಿ ತೆರಿಗೆ ಸೇರಿಸಿಯೇ ಬರೆದಿದ್ದಾರೆ ಎಂದರ್ಥ. ಇದು ತುಂಬಾ ಸಾಮಾನ್ಯ.

ತೆರಿಗೆ ಬಿಟ್ಟು ಹೋಲಿಸುವುದು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆಯುವವರಿಗೆ ಮಾತ್ರ ಸರಿ. ಕಾಂಪೊಸಿಷನ್ ಸ್ಕೀಮಿನಲ್ಲಿರುವ ಅಂಗಡಿ, ಹೋಟೆಲಿನವರಿಗೆ ಆ ಕ್ರೆಡಿಟ್ ಇಲ್ಲ. ಅವರು ತೆರಿಗೆ ಸೇರಿಸಿದ ಮೊತ್ತವನ್ನೇ ಹೋಲಿಸಬೇಕು.

ನಮ್ಮ ₹23.10ರ ಹಾಳೆ ಮೇ 7ಕ್ಕೆ ಹೊಸ ನಮೂನೆಯಲ್ಲಿ ಬಂತು: ಮೂಲ ಬೆಲೆ ₹20.63, ಜಿಎಸ್‌ಟಿ 5%, ಬಾಡಿಗೆ 0. ಹಳೇ ಹಾಳೆಯಲ್ಲಿದ್ದದ್ದು 12% ಲೆಕ್ಕ.